ಇಸವಿಯಿಲ್ಲದ ಪತ್ತೇದಾರಿ ಕಾದಂಬರಿಗಳಿಗೆ ಟಿಪ್ಪಣಿಸಹಿತ ಗ್ರಂಥಸೂಚಿ ಮಾಡುವುದು ಹೇಗೆ?

ಎಂ.ಎ. ಕಿರುಪ್ರಬಂಧಕ್ಕೆ ಕನ್ನಡದ ಪತ್ತೇದಾರಿ ಕಾದಂಬರಿಯನ್ನು ಆರಿಸಿಕೊಂಡ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷ ತುಮಕೂರಿನ ನಮ್ಮ ಮನೆಗೆ ಎರಡು ಕೈಚೀಲಗಳ ತುಂಬ ಪುಸ್ತಕ ತಂದಳು. ತಿಪಟೂರಿನಲ್ಲಿ ಎಂದೋ ಮುಚ್ಚಿಹೋದ ಬಾಡಿಗೆ ಪುಸ್ತಕದಂಗಡಿಯವು. ಅವಳ ದೊಡ್ಡಪ್ಪ ಅಟ್ಟದ ಮೇಲೆ ಕಟ್ಟಿಟ್ಟಿದ್ದರಂತೆ. ಎಣಿಸಿದರೆ ಇಪ್ಪತ್ತಮೂರು. ಅವುಗಳಲ್ಲಿ ಹನ್ನೊಂದರಲ್ಲಿ ಅಚ್ಚಾದ ಇಸವಿಯೇ ಇರಲಿಲ್ಲ.

ಪ್ರಬಂಧದ ಕೊನೆಯಲ್ಲಿ ಹಾಕುವ ಗ್ರಂಥಋಣದಲ್ಲಿ ಲೇಖಕ, ಕೃತಿ, ಪ್ರಕಾಶಕ, ಇಸವಿ ಇದ್ದರೆ ಸಾಕು. ಟಿಪ್ಪಣಿಸಹಿತ ಗ್ರಂಥಸೂಚಿಯಲ್ಲಿ ಪ್ರತಿ ನಮೂದಿನ ಕೆಳಗೆ ಆ ಪುಸ್ತಕ ಏನು, ನಿಮ್ಮ ವಾದಕ್ಕೆ ಅದು ಹೇಗೆ ಒದಗುತ್ತದೆ ಎಂದು ನೂರು, ನೂರೈವತ್ತು ಪದಗಳಲ್ಲಿ ಬರೆಯಬೇಕು. ಜನಪ್ರಿಯ ಪ್ರಕಾರಗಳಲ್ಲಿ ಇದಕ್ಕಿಂತ ಮೊದಲೇ ಇನ್ನೊಂದು ಕೆಲಸವಿದೆ. ಕೈಯಲ್ಲಿರುವ ಪ್ರತಿ ಯಾವ ಕಾಲದ್ದು, ಎಷ್ಟನೆಯ ಮುದ್ರಣ ಎಂದು ತೀರ್ಮಾನಿಸಬೇಕು.

ಆರಂಭದಲ್ಲೇ ಗಡಿ ಹಾಕಿಕೊಳ್ಳಿ. ಎನ್. ನರಸಿಂಹಯ್ಯ ಒಬ್ಬರೇ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದಿದ್ದಾರೆ. ಗಡಿಯಿಲ್ಲದೆ ಹೊರಟರೆ ಎರಡು ವರ್ಷವೂ ಸಾಲದು. ನಮ್ಮ ವಿದ್ಯಾರ್ಥಿನಿ ಬರೆದುಕೊಂಡ ನಿಯಮ ಹೀಗಿತ್ತು: 1950ರಿಂದ 1980ರವರೆಗಿನ ಕಾದಂಬರಿ, ಅಪರಾಧವೊಂದು ನಡೆದಿರಬೇಕು, ಅದನ್ನು ಶೋಧಿಸುವ ಕೆಲಸ ಅರ್ಧಕ್ಕಿಂತ ಹೆಚ್ಚು ಅಧ್ಯಾಯಗಳನ್ನು ತುಂಬಿರಬೇಕು. ಈ ಕೊನೆಯ ಮಾತು ತುಂಬ ಉಪಕಾರ ಮಾಡಿತು. ಪಾಳುಬಂಗಲೆಯ ದೆವ್ವದ ಕತೆಯೆಂದು ಶುರುವಾಗಿ ಕೊನೆಯ ಹತ್ತು ಪುಟಗಳಲ್ಲಿ ದೆವ್ವವೆಂದರೆ ಮನೆಯ ಮ್ಯಾನೇಜರನೇ ಎಂದು ಬಯಲಾಗುವ ಪುಸ್ತಕಗಳು ಮೂರು ಇದ್ದವು. ಅಲ್ಲಿ ಶೋಧವೇ ನಡೆಯುವುದಿಲ್ಲ. ಅವನ್ನು ಹೊರಗಿಟ್ಟಳು, ಹೊರಗಿಟ್ಟ ಕಾರಣವನ್ನೂ ಒಂದು ಸಾಲಿನಲ್ಲಿ ಬರೆದಿಟ್ಟಳು. ಮೌಖಿಕ ಪರೀಕ್ಷೆಯಲ್ಲಿ ‘ಇದೇಕೆ ಇಲ್ಲ?’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಪುಸ್ತಕ ಹುಡುಕುವಾಗ ಗ್ರಂಥಾಲಯದ ಸೂಚಿಯನ್ನೇ ನಂಬಿ ಕೂರಬೇಡಿ. ಡ್ಯೂಯಿ ವರ್ಗೀಕರಣ ಪಾಲಿಸುವಲ್ಲಿ ಕನ್ನಡ ಕಾದಂಬರಿಗಳೆಲ್ಲ 894.8143ರ ಅಡಿಯಲ್ಲಿ ಬರುತ್ತವೆ; ಸಾಮಾಜಿಕ, ಐತಿಹಾಸಿಕ, ಪತ್ತೇದಾರಿ ಎಂಬ ಭೇದ ಸಾಮಾನ್ಯವಾಗಿ ಕಾಣುವುದಿಲ್ಲ. ಕಪಾಟುಗಳ ಮುಂದೆ ನಿಂತು ಒಂದೊಂದನ್ನೇ ತೆಗೆದು ನೋಡುವುದೇ ದಾರಿ. ಹಿಂಬದಿಯಲ್ಲಿ ಅಚ್ಚಾಗಿರುವ ‘ಇದೇ ಲೇಖಕರ ಇತರ ಕೃತಿಗಳು’ ಪಟ್ಟಿಯನ್ನು ತಪ್ಪದೆ ಬರೆದುಕೊಳ್ಳಿ. ಆದರೆ ಅದರಲ್ಲಿ ‘ಅಚ್ಚಿನಲ್ಲಿ’ ಎಂದಿರುವ ಪುಸ್ತಕ ಕೊನೆಗೂ ಅಚ್ಚಾಗದೇ ಹೋಗಿರಬಹುದು, ಬೇರೆ ಹೆಸರಿನಲ್ಲಿಯೂ ಬಂದಿರಬಹುದು. ಕಣ್ಣಾರೆ ನೋಡದ ಪುಸ್ತಕದ ಮುಂದೆ ‘ಪ್ರತಿ ಕಂಡಿಲ್ಲ’ ಎಂದು ಬರೆಯಿರಿ. ಅದಕ್ಕೆ ಟಿಪ್ಪಣಿ ಬರೆಯಬೇಡಿ. 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈನ ಕನ್ನಿಮಾರಾ ಗ್ರಂಥಾಲಯಕ್ಕೆ ಪುಸ್ತಕದ ಪ್ರತಿ ಕಳುಹಿಸಬೇಕು. ಅಲ್ಲಿ ಇದ್ದರೆ ಒಳ್ಳೆಯ ಸಾಕ್ಷಿ ಸಿಕ್ಕಂತೆ. ಇಲ್ಲವೆಂದ ಮಾತ್ರಕ್ಕೆ ಪುಸ್ತಕವೇ ಬಂದಿಲ್ಲ ಎನ್ನಲಾಗದು.

ಈಗ ಇಸವಿಯ ವಿಚಾರ. ಹನ್ನೊಂದರಲ್ಲಿ ಒಂದನ್ನು ಮೇಜಿನ ಮೇಲಿಟ್ಟುಕೊಂಡು ಇಬ್ಬರೂ ನೋಡಿದೆವು. ರಟ್ಟು ಉಳಿದಿತ್ತು, ಅದೇ ಪುಣ್ಯ. ಬೆಲೆ ರಟ್ಟಿನ ಮೇಲಷ್ಟೇ ಇದ್ದ ಪುಸ್ತಕಗಳಿಗೆ ಹೊಸ ಬೈಂಡಿಂಗ್ ಹಾಕಿಸಿದಾಗ ಆ ಸಾಕ್ಷಿ ಹೊರಟುಹೋಗುತ್ತದೆ. ಇದರ ಬೆಲೆ ‘1 ರೂ. 50 ನ.ಪೈ.’ ಎಂದಿತ್ತು. ನಯಾ ಪೈಸೆ ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ರಂದು. ‘ನಯಾ’ ಎಂಬ ವಿಶೇಷಣವನ್ನು ಕೈಬಿಟ್ಟದ್ದು 1964ರ ಜೂನ್ 1ರಂದು. ಪ್ರಕಾಶಕರ ವಿಳಾಸ ‘ಬೆಂಗಳೂರು-2’ ಎಂದು ಮುಗಿದಿತ್ತು, ‘ಮೈಸೂರು ರಾಜ್ಯ’ ಎಂಬ ಮಾತೂ ಇತ್ತು. ಆರಂಕಿಯ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಒಂದು ಎಚ್ಚರಿಕೆ: ಪಿನ್‌ಕೋಡ್ ಇದ್ದರೆ ಆ ಪ್ರತಿ 1972ರ ನಂತರದ್ದೆಂಬುದು ಖಚಿತ, ಇಲ್ಲದಿದ್ದರೆ ಮೊದಲಿನದೆಂದು ಹೇಳಲಾಗದು, ಹಳೆಯ ರೀತಿಯಲ್ಲಿಯೇ ವಿಳಾಸ ಬರೆದವರು ಆಮೇಲೂ ಇದ್ದರು. ಕೊನೆಯ ಪುಟಕ್ಕೆ ಅಂಗಡಿಯವರು ಅಂಟಿಸಿದ್ದ ಬಾಡಿಗೆ ಚೀಟಿಯಲ್ಲಿ ಮೊದಲ ದಿನಾಂಕ 12-8-1963. ಅಂದಮೇಲೆ ಪುಸ್ತಕ ಅಷ್ಟರೊಳಗೆ ಅಚ್ಚಾಗಿರಲೇಬೇಕು. ಗ್ರಂಥಾಲಯದ ಪ್ರತಿಯಾದರೆ, ಪುಸ್ತಕ ಬಂದು ಸೇರಿದ ದಿನಾಂಕ ಬರೆದಿಡುವ ಅಕ್ಸೆಷನ್ ರಿಜಿಸ್ಟರ್ ಇದೇ ಕೆಲಸ ಮಾಡುತ್ತದೆ.

ಇಷ್ಟಾದ ಮೇಲೆ ಹುಡುಗಿ ಖುಷಿಯಿಂದ ಇನ್ನೊಂದು ಸಾಕ್ಷಿ ತೋರಿಸಿದಳು. “ಸರ್, ನಲವತ್ತನೆಯ ಪುಟದಲ್ಲಿ ಪತ್ತೇದಾರ ಜಟಕಾದವನಿಗೆ ಎಂಟಾಣೆ ಕೊಡುತ್ತಾನೆ. ಅಂದರೆ ಕತೆ 1957ಕ್ಕಿಂತ ಮೊದಲೇ ಬರೆದದ್ದು, ಇದು ಮರುಮುದ್ರಣ.” ಜಾಣ ಊಹೆಯೇ, ಆದರೆ ನಿಲ್ಲುವುದಿಲ್ಲ. “ನಿಮ್ಮ ದೊಡ್ಡಪ್ಪನನ್ನೇ ಕೇಳಮ್ಮ, ಐವತ್ತು ಪೈಸೆಗೆ ಎಂಟಾಣೆ ಎನ್ನುವುದನ್ನು ಅವರು ಯಾವಾಗ ಬಿಟ್ಟರು ಅಂತ,” ಎಂದೆ. ಕತೆಯೊಳಗಿನ ಮಾತು ಅಭ್ಯಾಸಕ್ಕೆ ಸೇರಿದ್ದು. ರಟ್ಟಿನ ಮೇಲಿನ ಬೆಲೆ ವ್ಯವಹಾರಕ್ಕೆ ಸೇರಿದ್ದು. ಕಾಲನಿರ್ಣಯಕ್ಕೆ ಎರಡನೆಯದನ್ನೇ ಹಿಡಿಯಿರಿ. ಕೊನೆಗೆ ನಮೂದಿನಲ್ಲಿ ಇಸವಿಯ ಜಾಗದಲ್ಲಿ [1957–63] ಎಂದು ಚೌಕಾವರಣದಲ್ಲಿ ಬರೆದಳು. ಚೌಕಾವರಣದ ಅರ್ಥ: ಇದು ಪುಸ್ತಕದಲ್ಲಿ ಅಚ್ಚಾದದ್ದಲ್ಲ, ನಾನು ಸಾಕ್ಷಿ ನೋಡಿ ಕಂಡುಕೊಂಡದ್ದು. ಸರಿಯಾಗಿ ಒಂದೇ ವರ್ಷ ಹಾಕಿ ಅಂದಗಾಣಿಸುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ಒಬ್ಬರು ಅಂದಾಜಿನಲ್ಲಿ ಹಾಕಿದ ಇಸವಿಯನ್ನು ಮುಂದಿನವರು ನಿಜವೆಂದೇ ಎತ್ತಿಕೊಳ್ಳುತ್ತಾರೆ.

ಟಿಪ್ಪಣಿಯ ಮೊದಲ ಕರಡಿನಲ್ಲಿ ಅವಳು ‘ಕುತೂಹಲ ಕೆರಳಿಸುವ ಈ ಕಾದಂಬರಿ ಓದುಗರನ್ನು ಹಿಡಿದಿಡುತ್ತದೆ’ ಎಂದು ಬರೆದು, ಕೊಲೆಗಾರ ಯಾರೆಂಬುದನ್ನು ಮುಚ್ಚಿಟ್ಟಿದ್ದಳು. ಸ್ವಾರಸ್ಯ ಕೆಡುತ್ತದೆ ಎಂಬ ಅಳುಕು. ಅದು ಬೆನ್ನುಡಿಯ ಕೆಲಸ. ಟಿಪ್ಪಣಿಯಲ್ಲಿ ಅಪರಾಧಿ ಯಾರು, ಅವನನ್ನು ಹಿಡಿದದ್ದು ಹೇಗೆ ಎಂದು ಹೇಳಲೇಬೇಕು. ಪತ್ತೇದಾರಿ ಪ್ರಕಾರದ ಚರ್ಚೆ ನಿಂತಿರುವುದೇ ಅದರ ಮೇಲೆ. ಪರಿಹಾರ ಸುಳಿವುಗಳಿಂದ ಬಂತೋ, ತಪ್ಪೊಪ್ಪಿಗೆಯಿಂದಲೋ, ಬರೀ ಹೊಡೆದಾಟದಿಂದಲೋ? ತಿದ್ದಿದ ಮೇಲೆ ಟಿಪ್ಪಣಿ ಹೀಗಾಯಿತು:

‘ಮಲೆನಾಡಿನ ಕಾಫಿ ತೋಟದ ಮಾಲೀಕನ ಕೊಲೆ. ನಗರದಿಂದ ಬಂದ ಖಾಸಗಿ ಪತ್ತೇದಾರ ಮೂವರನ್ನು ಅನುಮಾನಿಸಿ, ಕೊನೆಗೆ ಲೆಕ್ಕದ ಪುಸ್ತಕದ ಕೈಬರಹದಿಂದ ದತ್ತುಪುತ್ರನನ್ನು ಹಿಡಿಯುತ್ತಾನೆ. ಆದರೆ ಆ ಪುಸ್ತಕದ ಪ್ರಸ್ತಾಪ ಓದುಗರಿಗೆ ಕೊನೆಯ ಅಧ್ಯಾಯದವರೆಗೆ ಸಿಗುವುದಿಲ್ಲ. ಸುಳಿವನ್ನು ಓದುಗರೊಂದಿಗೆ ಹಂಚಿಕೊಳ್ಳುವ ಕ್ರಮ ಇಲ್ಲಿಲ್ಲ. ಪೊಲೀಸರು ಪತ್ತೇದಾರನ ಸಹಾಯಕರಷ್ಟೇ. ಪ್ರಬಂಧದ ಮೂರನೆಯ ಅಧ್ಯಾಯಕ್ಕೆ (ಸುಳಿವಿನ ನಿರ್ವಹಣೆ) ಉಪಯುಕ್ತ. ನೋಡಿದ ಪ್ರತಿ: ಖಾಸಗಿ ಸಂಗ್ರಹ, ತಿಪಟೂರು, 97–100ನೆಯ ಪುಟಗಳಿಲ್ಲ. ಕಾಲನಿರ್ಣಯ: ಬೆಲೆಯ ನಮೂದು ಮತ್ತು ಬಾಡಿಗೆ ಚೀಟಿಯಿಂದ.’

ಪುಟಗಳು ಕಳೆದುಹೋಗಿರುವುದನ್ನು ಬರೆದದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಸುಳಿವು ಕೊನೆಯವರೆಗೆ ಇಲ್ಲ ಎಂಬ ವಾದ ಆ ನಾಲ್ಕು ಪುಟಗಳಿಂದಲೇ ಬಿದ್ದುಹೋಗಬಹುದು. ಇನ್ನೊಂದು ಪ್ರತಿ ಸಿಗುವವರೆಗೆ ಆ ಮಾತು ತಾತ್ಕಾಲಿಕ.

ವಿಮರ್ಶೆ ಮತ್ತು ಸಂಶೋಧನೆಯ ಬರಹಗಳನ್ನು ಪ್ರತ್ಯೇಕ ಭಾಗದಲ್ಲಿಡಿ. ಹಿಂದಿನ ಮಹಾಪ್ರಬಂಧಗಳಿಗೆ ಶೋಧಗಂಗಾ ಜಾಲತಾಣ ನೋಡಿ. ಅವುಗಳ ಟಿಪ್ಪಣಿಗೆ ಎರಡು ಮೂರು ವಾಕ್ಯ ಸಾಕು: ವಾದವೇನು, ಯಾವ ಕೃತಿಗಳ ಆಧಾರದ ಮೇಲೆ, ನೀವು ಎಲ್ಲಿ ಒಪ್ಪುವುದಿಲ್ಲ.

ಎಲ್ಲವನ್ನೂ ಕಂಪ್ಯೂಟರಿಗೆ ಹಾಕುವಾಗ ಯೂನಿಕೋಡ್‌ನಲ್ಲಿಯೇ ಬೆರಳಚ್ಚು ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದರೆ ಕಂಪ್ಯೂಟರಿಗೆ ಕಾಣುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅಕಾರಾದಿ ಜೋಡಣೆ ಅಸ್ತವ್ಯಸ್ತವಾಗುತ್ತದೆ. ಇನ್ನು ಲೇಖಕರ ಇನಿಷಿಯಲ್‌ಗಳನ್ನು ಹೆಸರಿನ ನಂತರ ಹಾಕಿ. ಇಲ್ಲದಿದ್ದರೆ ಎನ್. ನರಸಿಂಹಯ್ಯನವರು ‘ನ’ದಲ್ಲಿ ಸಿಗದೆ ‘ಎ’ಯಲ್ಲಿ ಹೋಗಿ ಕೂರುತ್ತಾರೆ.