ಕಟ್ಟಿ ಮುಗಿಸಿದ ಸಾಲ ಸಿಬಿಲ್‌ನಲ್ಲಿ ಬಾಕಿ ಎಂದು ಬಂದರೆ

ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು "ನಿಮ್ಮ ಹಳೆಯ ಸಾಲ ಬಾಕಿ ಇದೆಯಲ್ಲ" ಎನ್ನುತ್ತಾರೆ. ಸಾಲ ಕಟ್ಟಿ ಎರಡು ವರ್ಷವಾಗಿದೆ, ಎನ್‌ಒಸಿಯೂ ಕೈಯಲ್ಲಿದೆ. ಆಗ ಹೆಚ್ಚಿನವರು ಮೊಬೈಲಿನಲ್ಲೇ, ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ಗೆ ಒಂದು ದೂರು ಒತ್ತಿ ಕೂರುತ್ತಾರೆ. ಕೆಲವು ವಾರ ಬಿಟ್ಟು "ಮಾಹಿತಿ ಸರಿಯಾಗಿಯೇ ಇದೆ" ಎಂಬ ಉತ್ತರ ಬರುತ್ತದೆ. ಅದು ಯಾಕೆ ಹಾಗಾಗುತ್ತದೆ ಎಂದು ತಿಳಿಯದೆ ಮತ್ತೆ ಅದನ್ನೇ ಒತ್ತುವವರನ್ನು ತುಂಬಾ ಕಂಡಿದ್ದೇನೆ.

ಕಾರಣ ಸರಳ. ಸಿಬಿಲ್‌ನಂಥ ಸಂಸ್ಥೆ ತಾನಾಗಿ ಒಂದಕ್ಷರವನ್ನೂ ತಿದ್ದುವುದಿಲ್ಲ. ನಿಮ್ಮ ದೂರನ್ನು ಸಾಲ ಕೊಟ್ಟವರಿಗೆ ಕಳಿಸುತ್ತದೆ. ಅಲ್ಲಿ ಯಾರೋ ತಮ್ಮ ಲೆಡ್ಜರ್ ತೆರೆದು ನೋಡುತ್ತಾರೆ. ಲೆಡ್ಜರಿನಲ್ಲೇ ಬಾಕಿ ಇದ್ದರೆ "ಸರಿ ಇದೆ" ಎಂದು ಬರೆದು ವಾಪಸ್ ಕಳಿಸುತ್ತಾರೆ, ಅಷ್ಟೇ. ಹಾಗಾಗಿ ಮೊದಲು ತಿದ್ದಿಸಬೇಕಾದದ್ದು ಲೆಡ್ಜರ್. ವರದಿ ಆಮೇಲೆ.

ವರದಿ ತೆಗೆಯಿರಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ – ಈ ನಾಲ್ಕೂ ಕಡೆ ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತ. ತಿಂಗಳ ಪ್ಯಾಕ್ ಕೊಳ್ಳಿ ಎಂದು ಒತ್ತಾಯಿಸುವ ಪುಟ ಬಂದರೆ ಮುಚ್ಚಿ, ಉಚಿತ ವರದಿಯ ಕೊಂಡಿ ಹುಡುಕಿ. ಸುಮ್ನೆ ದುಡ್ಡು ಹಾಳು.

ತಪ್ಪು ಎಲ್ಲಿದೆ ಎಂದು ಓದಿ. ಉಡುಪಿ ಕಡೆಯ ಒಬ್ಬರ ಸ್ಕೂಟರ್ ಸಾಲದ ವರದಿ ನೋಡಿದ್ದೆ. ಕೊನೆಯ ಕಂತು 2,340 ರೂಪಾಯಿಯನ್ನು ಅವರು ಫೈನಾನ್ಸ್ ಕಂಪನಿಯ ಕೌಂಟರಿನಲ್ಲಿ 2023ರ ಮಾರ್ಚ್‌ನಲ್ಲಿ ನಗದಾಗಿ ಕಟ್ಟಿದ್ದರು. ಎನ್‌ಒಸಿ ಸಿಕ್ಕಿತ್ತು, ಆರ್‌ಟಿಒದಲ್ಲಿ ಆರ್‌ಸಿಯಿಂದ ಕಂಪನಿಯ ಹೆಸರೂ ಹೋಗಿತ್ತು. ಆದರೆ ವರದಿಯಲ್ಲಿ Amount Overdue ಎದುರು 2,340, Date Closed ಖಾಲಿ. ಕೆಳಗೆ ತಿಂಗಳ ಚೌಕಗಳಲ್ಲಿ, ಅಂದರೆ Days Past Due ಸಾಲಿನಲ್ಲಿ, 30, 61, 91, 122 ಎಂದು ಅಂಕಿ ಏರುತ್ತಲೇ ಹೋಗಿತ್ತು.

ಗುಟ್ಟು ಈ ಚೌಕಗಳಲ್ಲಿದೆ. ನಿಜವಾಗಿ ಕಷ್ಟದಲ್ಲಿದ್ದವರ ಅಂಕಿ ಏರುತ್ತದೆ, ಕಟ್ಟಿದಾಗ ಇಳಿಯುತ್ತದೆ, ಮತ್ತೆ ಏರುತ್ತದೆ. ಬಾಕಿ ಮೊತ್ತ ಒಂದೇ ಕಂತಿನಷ್ಟು ಇದ್ದು, ದಿನಗಳು ಮಾತ್ರ ತಿಂಗಳಿಗೆ ಮೂವತ್ತರಂತೆ ನೇರವಾಗಿ ಏರುತ್ತಿದ್ದರೆ, ಎಲ್ಲೋ ಒಂದು ಪಾವತಿ ಖಾತೆಗೆ ಜಮಾ ಆಗದೆ ಉಳಿದಿದೆ ಎಂದು ಬಲವಾಗಿ ಅನುಮಾನಿಸಬಹುದು. ಆ ಸ್ಕೂಟರ್ ಸಾಲದಲ್ಲಿ ಆದದ್ದೂ ಅದೇ. ನಗದಿಗೆ ರಸೀದಿ ಹರಿದರು, ಖಾತೆಗೆ ಏರಿಸಲಿಲ್ಲ. ತೊಂಬತ್ತು ದಿನ ದಾಟಿದ ಮೇಲೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಎಂದಾಯಿತು.

ಕಾಗದ ಜೋಡಿಸಿ. ರಸೀದಿ, ಎನ್‌ಒಸಿ, ತಪ್ಪಿರುವ ಪುಟದ ಪ್ರತಿ, ಪ್ಯಾನ್. ಜೊತೆಗೆ ಸಾಲದ ಪೂರ್ತಿ ಸ್ಟೇಟ್‌ಮೆಂಟ್ ಕೇಳಿ ತೆಗೆದುಕೊಳ್ಳಿ. ಯಾವ ಕಂತು ಕಾಣೆಯಾಗಿದೆ ಎಂಬುದು ಅದರಲ್ಲೇ ಬಯಲಾಗುತ್ತದೆ.

ಪತ್ರ ಬರೆಯಿರಿ. ಜಾಸ್ತಿ ಜನ ಎಡವುವುದು ಇಲ್ಲೇ. "ನನ್ನ ಸ್ಕೋರ್ ಸರಿ ಮಾಡಿ ಕೊಡಿ" ಎಂದು ಬರೆಯುತ್ತಾರೆ. ಸ್ಕೋರ್ ಯಾರೂ ಕೈಯಿಂದ ಬರೆಯುವುದಲ್ಲ, ಅದು ಲೆಕ್ಕದಿಂದ ತಾನಾಗಿ ಬರುವಂಥದ್ದು. ನೀವು ಕೇಳಬೇಕಾದದ್ದು ವರದಿಯ ಯಾವ ಜಾಗದಲ್ಲಿ ಏನಿದೆ, ಅಲ್ಲಿ ಏನಿರಬೇಕು ಎಂಬುದನ್ನು. ಆ ಸ್ಕೂಟರ್ ಸಾಲಕ್ಕೆ ಬರೆದ ಪತ್ರದ ಮುಖ್ಯ ಭಾಗ ಹೀಗಿತ್ತು:

"ಮೇಲಿನ ಖಾತೆಯ ಕೊನೆಯ ಕಂತು 2,340 ರೂಪಾಯಿಯನ್ನು 2023ರ ಮಾರ್ಚ್ 6ರಂದು ನಿಮ್ಮ ಶಾಖೆಯಲ್ಲಿ ಕಟ್ಟಿದ್ದೇನೆ. ರಸೀದಿ ಮತ್ತು ನೀವೇ ಕೊಟ್ಟ ಎನ್‌ಒಸಿ ಲಗತ್ತಿಸಿದೆ. ಈ ಮೊತ್ತವನ್ನು ಕಟ್ಟಿದ ದಿನಾಂಕಕ್ಕೇ ನನ್ನ ಖಾತೆಗೆ ಜಮಾ ಮಾಡಿ. Amount Overdue ಸೊನ್ನೆ ಎಂದೂ, Date Closed 2023ರ ಮಾರ್ಚ್ 6 ಎಂದೂ ತಿದ್ದಿ. ಆ ದಿನದ ನಂತರ ತೋರಿಸಿರುವ ಬಾಕಿ ದಿನಗಳನ್ನು ಮತ್ತು ಎನ್‌ಪಿಎ ಗುರುತನ್ನು ತೆಗೆಯಿರಿ. ತಿದ್ದಿದ ಮಾಹಿತಿಯನ್ನು ನಾಲ್ಕೂ ಕ್ರೆಡಿಟ್ ಸಂಸ್ಥೆಗಳಿಗೆ ಕಳಿಸಿ, ನನಗೆ ಲಿಖಿತವಾಗಿ ತಿಳಿಸಿ."

"ಕಟ್ಟಿದ ದಿನಾಂಕಕ್ಕೇ" ಎಂಬ ಮಾತನ್ನು ಬಿಡಬೇಡಿ. ಶಾಖೆಯಲ್ಲಿ ಒಬ್ಬರು "ಎರಡು ಸಾವಿರ ಚಿಲ್ಲರೆ ಅಲ್ವಾ ಮಾರಾಯ್ರೆ, ಈಗ ಕಟ್ಟಿಬಿಡಿ, ನಾಳೆಯೇ ಕ್ಲೋಸ್ ಮಾಡುತ್ತೇವೆ" ಎನ್ನುತ್ತಾರೆ. ಒಪ್ಪಲೇಬೇಡಿ. ಇವತ್ತು ಕಟ್ಟಿದರೆ ಸಾಲ ಮುಗಿದ ದಿನ ಇವತ್ತಿನದಾಗುತ್ತದೆ. ಹಿಂದಿನ ಅಷ್ಟೂ ತಿಂಗಳ ಬಾಕಿ ನಿಜವೆಂದೇ ವರದಿಯಲ್ಲಿ ಉಳಿಯುತ್ತದೆ. "ಸೆಟಲ್‌ಮೆಂಟ್ ಮಾಡುವ" ಎಂದರಂತೂ ಎದ್ದು ಬನ್ನಿ. Settled ಎಂಬ ಗುರುತು ಇದ್ದರೆ ಮುಂದಿನ ಬ್ಯಾಂಕು ಸಾಲವನ್ನು ಪೂರ್ತಿ ಕಟ್ಟಲಿಲ್ಲ ಎಂದೇ ಓದುತ್ತದೆ.

ಪತ್ರದಲ್ಲಿ ನಿಮ್ಮ ಬ್ಯಾಂಕ್ ಖಾತೆ ಅಥವಾ ಯುಪಿಐ ಐಡಿಯನ್ನೂ ಬರೆಯಿರಿ, ಕಾರಣ ಮುಂದೆ ಬರುತ್ತದೆ. ಶಾಖೆಗೆ ಕನ್ನಡದಲ್ಲೇ ಕೊಟ್ಟು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಅದನ್ನೇ ಇಂಗ್ಲಿಷ್‌ನಲ್ಲಿ ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಮಾಡಿ, ದೂರಿನ ಸಂಖ್ಯೆ ಪಡೆಯಿರಿ. ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ. ಸಾಲ ಕೊಟ್ಟ ಬ್ಯಾಂಕು ಈಗ ಇಲ್ಲದಿದ್ದರೆ ಅದನ್ನು ಸೇರಿಸಿಕೊಂಡ ಬ್ಯಾಂಕಿಗೆ ಬರೆಯಬೇಕು. ನಮ್ಮೂರಿನ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಅದೇ ವರ್ಷ ಕೆನರಾ ಬ್ಯಾಂಕಿಗೆ ಸೇರಿದವು.

ಕ್ರೆಡಿಟ್ ಸಂಸ್ಥೆಗೆ ದೂರು. ಇದೇ ಪತ್ರದ ಪ್ರತಿ ಅವರಿಗೂ ಇಮೇಲ್‌ನಲ್ಲಿ ಹೋಗಲಿ. ಜಾಲತಾಣದ ದೂರನ್ನು ಸಾಲದ ಕಂಪನಿಯ ದೂರು ಸಂಖ್ಯೆ ಸಿಕ್ಕ ಮೇಲೆ ಹಾಕುವುದು ಒಳ್ಳೆಯದು. ಸಿಬಿಲ್ ಆದರೆ ವರದಿಯ ಮೇಲಿರುವ Control Number ಬೇಕು. ಇಲ್ಲಿ ಎಡವುವ ಇನ್ನೊಂದು ಜಾಗವಿದೆ. ಸಿಟ್ಟಿನಲ್ಲಿ "ಈ ಖಾತೆ ನನ್ನದಲ್ಲ" ಎಂಬುದನ್ನು ಆರಿಸುವವರಿದ್ದಾರೆ. ಖಾತೆ ನಿಮ್ಮದೇ, ತಪ್ಪಿರುವುದು ಬಾಕಿ. ನಿಮ್ಮದಲ್ಲ ಎಂದರೆ ಕಂಪನಿ ನಿಮ್ಮ ಸಹಿ ತೋರಿಸುತ್ತದೆ, ದೂರು ಅಲ್ಲಿಗೇ ಮುಗಿಯುತ್ತದೆ. ಬಾಕಿ ಮೊತ್ತ, ಮುಚ್ಚಿದ ದಿನಾಂಕ, ಬಾಕಿ ದಿನಗಳು – ಇವುಗಳ ಮೇಲೆ ಮಾತ್ರ ದೂರು ಹಾಕಿ.

"ಐದು ಸಾವಿರ ಕೊಡಿ, ಸಿಬಿಲ್ ಕ್ಲೀನ್ ಮಾಡಿಸುತ್ತೇವೆ" ಎಂದು ವಾಟ್ಸ್ಯಾಪ್‌ನಲ್ಲಿ ಬರುವವರಿಗೆ ಒಳಬಾಗಿಲು ಯಾವುದೂ ಇಲ್ಲ. ಅವರು ಹಾಕುವುದೂ ಇದೇ ದೂರು. ಅದಕ್ಕೆ ನಿಮ್ಮ ಒಟಿಪಿ ಬೇರೆ ಕೇಳುತ್ತಾರೆ.

ದಿನ ಎಣಿಸಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಮೊದಲ ದೂರು ಕೊಟ್ಟ ದಿನದಿಂದ 30 ದಿನದೊಳಗೆ ವಿಷಯ ಬಗೆಹರಿಯಬೇಕು. ಅದರಲ್ಲಿ ತಿದ್ದಿದ ಮಾಹಿತಿ ಕಳಿಸಲು ಸಾಲ ಕೊಟ್ಟವರಿಗೆ 21 ದಿನ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. 2024ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. 47ನೇ ದಿನಕ್ಕೆ ಬಗೆಹರಿದರೆ 17 ದಿನದ 1,700 ರೂಪಾಯಿ ಐದು ಕೆಲಸದ ದಿನಗಳೊಳಗೆ ನಿಮ್ಮ ಖಾತೆಗೆ ಬರಬೇಕು. ಯುಪಿಐ ಐಡಿ ಬರೆಯಿರಿ ಎಂದದ್ದು ಇದಕ್ಕೇ. ಸೀಲು ಬಿದ್ದ ಪ್ರತಿಯೇ ಈ ಲೆಕ್ಕದ ಮೊದಲ ದಿನಕ್ಕೆ ಸಾಕ್ಷಿ.

30 ದಿನ ಕಳೆದರೂ ಉತ್ತರವಿಲ್ಲ, ಅಥವಾ ಕಾರಣವೇ ಇಲ್ಲದೆ ತಳ್ಳಿಹಾಕಿದರೆ cms.rbi.org.in ನಲ್ಲಿ, ಇಂಥ ದೂರು ಕೇಳಲೆಂದೇ ಇರುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಡ. ಸಹಾಯವಾಣಿ 14448. ಗ್ರಾಹಕ ನ್ಯಾಯಾಲಯಕ್ಕೆ ಮೊದಲೇ ಓಡಬೇಡಿ. ಅಲ್ಲಿ ಕೇಸು ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ಅದೇ ವಿಷಯವನ್ನು ಮುಟ್ಟುವುದಿಲ್ಲ.

ತಿದ್ದುಪಡಿಯ ಪತ್ರ ಬಂದ ಮೇಲೆ ಉಳಿದ ಮೂರು ಸಂಸ್ಥೆಗಳ ವರದಿಯನ್ನೂ ತೆಗೆದು ನೋಡಿ. ಸಿಬಿಲ್‌ನಲ್ಲಿ ಹೋದ ಬಾಕಿ ಇನ್ನೊಂದರಲ್ಲಿ ಹಾಗೆಯೇ ಇರಬಹುದು. ನಿಮ್ಮ ಮನೆ ಸಾಲದ ಬ್ಯಾಂಕು ಯಾವುದನ್ನು ತೆರೆಯುತ್ತದೆ ಎಂದು ಮ್ಯಾನೇಜರನ್ನೇ ಕೇಳಿ, ಅರ್ಜಿ ಮತ್ತೆ ಹಾಕುವ ಮೊದಲು ಅದನ್ನು ಖಚಿತ ಮಾಡಿಕೊಳ್ಳಿ.