ಮೋಟರ್ ಕೆಪಾಸಿಟರ್ ಕೇಳಿದ ಮೆಸೇಜು

ಮನೆಯ ಅರ್ಧ ಎಚ್‌ಪಿ ನೀರಿನ ಮೋಟರ್ ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಕರೆಂಟ್ ತೆಗೆದು ಶಾಫ್ಟನ್ನು ಕೈಯಲ್ಲಿ ತಿರುಗಿಸಿದೆ, ಸಲೀಸಾಗಿ ತಿರುಗಿತು. ಜಾಮ್ ಆಗಿಲ್ಲ ಅಂದಮೇಲೆ ಅನುಮಾನ ಮೋಟರ್ ತಿರುಗೋಕೆ ಶುರು ಮಾಡಿಸುವ ಕೆಪಾಸಿಟರ್ ಮೇಲೆ. ಮುಚ್ಚಳ ಬಿಚ್ಚಿದರೆ ಅದರ ತಲೆ ಉಬ್ಬಿತ್ತು. (ಕರೆಂಟ್ ತೆಗೆದರೂ ಅದರಲ್ಲಿ ಚಾರ್ಜ್ ಉಳಿದಿರುತ್ತೆ, ವೈರಿನ ತುದಿ ಬರಿಗೈಲಿ ಮುಟ್ಟಬೇಡಿ.)

ಮಂಡ್ಯ ಪೇಟೆಗೆ ಸುಮ್ಮನೆ ಓಡಾಡುವ ಬದಲು ಅಂಗಡಿಯವರಿಗೆ ವಾಟ್ಸಾಪ್ ಮಾಡಿದೆ. ಬರೀ ಫೋಟೊ ಸಾಲದು. ಕೆಪಾಸಿಟರ್‌ಗಳೆಲ್ಲ ನೋಡೋಕೆ ಒಂದೇ ಥರ, ಸಣ್ಣದೋ ದೊಡ್ಡದೋ ಫೋಟೊದಲ್ಲಿ ತಿಳಿಯಲ್ಲ. ಹಾಗಾಗಿ ಲೇಬಲ್ ಒರೆಸಿ, ಅಕ್ಷರ ಓದುವ ಹಾಗೆ ಹತ್ತಿರದಿಂದ ಒಂದು ಫೋಟೊ, ಪಕ್ಕದಲ್ಲಿ ಸ್ಕೇಲ್ ಇಟ್ಟು ಇನ್ನೊಂದು. ಜೊತೆಗೆ ಇಷ್ಟು ಬರೆದೆ:

"ನಮಸ್ಕಾರ ಅಣ್ಣ. ಫೋಟೊದಲ್ಲಿರೋ ಮೋಟರ್ ಕೆಪಾಸಿಟರ್ ಇದೆಯಾ? 10 ಮೈಕ್ರೋಫ್ಯಾರಡ್, 440 ವೋಲ್ಟ್, ಎರಡು ವೈರ್. ಅರ್ಧ ಎಚ್‌ಪಿ ಮೋಟರ್‌ಗೆ. ಬೇರೆ ಕಂಪನಿದಾದ್ರೂ ನಡೆಯುತ್ತೆ. ರೇಟ್ ಎಷ್ಟು? ಇದ್ರೆ ಒಂದು ಎತ್ತಿಡಿ, ಸಂಜೆ ಬರ್ತೀನಿ."

"ಬೇರೆ ಕಂಪನಿ" ಅನ್ನೋ ಸಾಲು ಇಲ್ಲದಿದ್ದರೆ "ಅದು ಇಲ್ಲ" ಅಂತ ಉತ್ತರ ಬಂದು ಮಾತು ಅಲ್ಲೇ ಮುಗಿಯೋ ಸಾಧ್ಯತೆ ಜಾಸ್ತಿ. ಮೈಕ್ರೋಫ್ಯಾರಡ್ ಮಾತ್ರ ಅಷ್ಟೇ ಇರಬೇಕು. ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಬಹುದು, ಕಮ್ಮಿ ಬೇಡ.

"ಇದೆ, 120 ರೂಪಾಯಿ. ಉದ್ದ ಒಂಚೂರು ಜಾಸ್ತಿ, ಡಬ್ಬೀಲಿ ಹಿಡಿಯುತ್ತಾ ನೋಡ್ಕೊಳ್ಳಿ" ಅಂದರು. ಸ್ಕೇಲ್ ಫೋಟೊ ನೋಡಿಯೇ ಹೇಳಿದ್ದು. ಅಳೆದೆ, ಜಾಗ ಇತ್ತು. ಹಾಕಿದ ಮೇಲೆ ಮೋಟರ್ ಒಂದೇ ಸಲಕ್ಕೆ ಎತ್ತಿಕೊಂಡಿತು.