ಡಬ್ಬದ ಮೇಲಿನ 85 ಸಾಲದು: ಮಕ್ಕಳ ಹೆಡ್‌ಫೋನ್ ಆರಿಸುವುದು, ಸಮಯಕ್ಕೆ ಮಿತಿ ಹಾಕುವುದು ಹೇಗೆ?

ಮಕ್ಕಳ ಹೆಡ್‌ಫೋನ್ ಡಬ್ಬದ ಮೇಲೆ ಕರಡಿಮರಿಯ ಚಿತ್ರದ ಪಕ್ಕ ಒಂದು ಸಂಖ್ಯೆ ಸಾಮಾನ್ಯವಾಗಿ ಕಾಣುತ್ತದೆ: 85 ಡೆಸಿಬಲ್. ಇದಕ್ಕಿಂತ ಹೆಚ್ಚು ಸದ್ದು ಬಾರದು, ಆದ್ದರಿಂದ ಕಿವಿಗೆ ಭಯವಿಲ್ಲ ಎಂಬ ಭರವಸೆ ಅದು. ಆದರೆ ಆ ಸಂಖ್ಯೆ ಬಂದಿರುವುದು ಕಾರ್ಖಾನೆಯಿಂದ. ಯಂತ್ರಗಳ ನಡುವೆ ದಿನಕ್ಕೆ 8 ಗಂಟೆ ದುಡಿಯುವ ವಯಸ್ಕರಿಗೆಂದು ಎಳೆದ ಗೆರೆ ಅದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ 2018ರಲ್ಲಿ ರೂಪಿಸಿದ ಮಾನದಂಡದಲ್ಲಿ ಮಕ್ಕಳಿಗೆ ಬೇರೆಯದೇ ಅಳತೆ ಇದೆ: 75 ಡೆಸಿಬಲ್, ವಾರಕ್ಕೆ 40 ಗಂಟೆ.

ಎರಡರ ನಡುವೆ ಹತ್ತೇ ಅಂಕಿಯ ವ್ಯತ್ಯಾಸ ಎನಿಸಬಹುದು. ಡೆಸಿಬಲ್‌ನ ಮಗ್ಗಿ ಬೇರೆ. ಮೂರು ಡೆಸಿಬಲ್ ಏರಿದರೆ ಕಿವಿಗೆ ಬೀಳುವ ಶಬ್ದಶಕ್ತಿ ಇಮ್ಮಡಿಯಾಗುತ್ತದೆ, ಕೇಳಬಹುದಾದ ಸಮಯ ಅರ್ಧಕ್ಕೆ ಇಳಿಯುತ್ತದೆ. 75ಕ್ಕೆ 40 ಗಂಟೆ, 78ಕ್ಕೆ 20, 81ಕ್ಕೆ 10, 84ಕ್ಕೆ 5. ಡಬ್ಬದ ಮೇಲಿನ 85ಕ್ಕೆ ಬಂದಾಗ ವಾರಕ್ಕೆ ಉಳಿಯುವುದು ಸುಮಾರು 4 ಗಂಟೆ, ಅಂದರೆ ದಿನಕ್ಕೆ ಅರ್ಧ ಗಂಟೆಗಿಂತ ತುಸು ಹೆಚ್ಚು. ಮೂರು ಡೆಸಿಬಲ್ ಏರಿಕೆ ಕಿವಿಗೆ ತುಸುವೇ ಜೋರು ಎನಿಸುವುದರಿಂದ ಮಗು ದೂರುವುದೂ ಇಲ್ಲ.

ಕೊಳ್ಳುವಾಗ: ಮಿತಿ ಎಲ್ಲಿ ಕುಳಿತಿದೆ?

ಮೊದಲು ಕೇಳಬೇಕಾದ ಪ್ರಶ್ನೆ ಸಂಖ್ಯೆ ಎಷ್ಟು ಎಂಬುದಲ್ಲ, ತಡೆ ಎಲ್ಲಿದೆ ಎಂಬುದು. ತಂತಿಯ ಅಗ್ಗದ ಹೆಡ್‌ಫೋನ್‌ಗಳಲ್ಲಿ ಸಾಮಾನ್ಯವಾಗಿ ತಂತಿಯಲ್ಲೋ ಕಪ್ಪಿನೊಳಗೋ ಒಂದು ಪುಟ್ಟ ರೆಸಿಸ್ಟರ್ ಇರುತ್ತದೆ. ಅದು ಬರುವ ವಿದ್ಯುತ್ ಸಂಕೇತವನ್ನು ಒಂದು ಪ್ರಮಾಣದಲ್ಲಿ ತಗ್ಗಿಸುತ್ತದೆಯೇ ಹೊರತು 85ಕ್ಕೆ ಬಂದಾಗ ನಿಲ್ಲಿಸುವುದಿಲ್ಲ. ಮೂಲ ಬಲವಾಗಿದ್ದರೆ ಸದ್ದೂ ಏರುತ್ತದೆ. ಮೊಬೈಲ್‌ನಲ್ಲಿ ಸಾಧುವಾಗಿದ್ದ ಹೆಡ್‌ಫೋನ್ ಲ್ಯಾಪ್‌ಟಾಪಿಗೆ ಚುಚ್ಚಿದಾಗ ಗದ್ದಲ ಮಾಡುವುದು ಇದರಿಂದಲೇ.

ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಮಿತಿ ಒಳಗಿನ ಚಿಪ್‌ನಲ್ಲಿರುತ್ತದೆ, ಮೂಲ ಯಾವುದಾದರೂ ಬಹುಮಟ್ಟಿಗೆ ಹಿಡಿತಕ್ಕೆ ಸಿಗುತ್ತದೆ. ಅಲ್ಲೂ ಒಂದು ಕಳ್ಳದಾರಿ ಉಂಟು. ಬ್ಯಾಟರಿ ಮುಗಿದಾಗ ತಂತಿ ಸಿಕ್ಕಿಸಿ ಕೇಳುವ ಸೌಲಭ್ಯವಿರುವ ಕೆಲವು ಮಾದರಿಗಳಲ್ಲಿ ಚಿಪ್ ಮಲಗುತ್ತದೆ, ಅದರೊಂದಿಗೆ ಮಿತಿಯೂ ಮಲಗುತ್ತದೆ. ನನ್ನ ಮಗಳಿಗೆ ತಂದ ಮೊದಲ ಜೋಡಿಯದು ಇನ್ನೂ ಸ್ವಾರಸ್ಯಕರ ಕಥೆ: ತಡೆ ಇದ್ದದ್ದು ಬಿಚ್ಚಿ ತೆಗೆಯಬಹುದಾದ ತಂತಿಯಲ್ಲಿ. ಎರಡು ವಾರದಲ್ಲಿ ತಂತಿ ಹರಿಯಿತು, ಮೇಜಿನ ಖಾನೆಯಲ್ಲಿದ್ದ ಮಾಮೂಲಿ ತಂತಿ ಹಾಕಿದೆ. ಅಂದಿನಿಂದ ಅದು ಮಕ್ಕಳ ಹೆಡ್‌ಫೋನ್ ಆಗಿ ಉಳಿದದ್ದು ಬಣ್ಣದಲ್ಲಿ ಮಾತ್ರ.

ಮಿತಿಯನ್ನು ಎರಡು ಮೂರು ಮಟ್ಟಗಳಲ್ಲಿ ಬದಲಿಸಬಹುದಾದ ಮಾದರಿಗಳಿದ್ದರೆ, ಕೆಳಗಿನ ಮಟ್ಟ 75ರ ಆಸುಪಾಸಿನಲ್ಲಿರುವುದನ್ನು ಆರಿಸಿ. ಆ ಗುಂಡಿ ಮಗುವಿನ ಬೆರಳಿಗೆ ಸುಲಭವಾಗಿ ಸಿಗದಂತಿರಲಿ. ಕಿವಿಯನ್ನು ಪೂರ್ತಿ ಮುಚ್ಚಿ ಹೊರಗಿನ ಸದ್ದು ತಡೆಯುವ ಮೆತ್ತೆಯೂ ಮುಖ್ಯ. ಕಾರಣ ಮುಂದಿನ ಲೆಕ್ಕದಲ್ಲಿದೆ. ಕಿವಿಯೊಳಗೆ ತೂರಿಸುವ ಇಯರ್‌ಬಡ್ ಚಿಕ್ಕ ಮಕ್ಕಳಿಗೆ ಬೇಡ. ಕಿವಿನಾಳ ಕಿರಿದಾದಷ್ಟೂ ಅದೇ ಸಂಕೇತ ಹೆಚ್ಚು ಒತ್ತಡ ಹುಟ್ಟಿಸುತ್ತದೆ.

ಮನೆಯಲ್ಲೇ ಅಳೆಯಿರಿ

ಪ್ರಯೋಗಾಲಯದ ನಿಖರತೆ ಇಲ್ಲಿ ಸಿಗುವುದಿಲ್ಲ, ಮೋಸವಂತೂ ಬಯಲಾಗುತ್ತದೆ. ಒಂದು ದಪ್ಪ ರಟ್ಟಿನಲ್ಲಿ ಮೊಬೈಲ್‌ನ ಮೈಕ್ ಹಿಡಿಯುವಷ್ಟು ತೂತು ಕೊರೆದು, ಒಂದು ಕಡೆಯಿಂದ ಮೈಕ್, ಇನ್ನೊಂದು ಕಡೆಯಿಂದ ಹೆಡ್‌ಫೋನ್ ಕಪ್ ಒತ್ತಿ ಹಿಡಿಯಿರಿ. ಸುತ್ತ ಗಾಳಿ ನುಸುಳಿದರೆ ಅಂಕಿ ಕಡಿಮೆ ಬರುತ್ತದೆ. ಶಬ್ದ ಅಳೆಯುವ ಆ್ಯಪ್ ಹಾಕಿಕೊಳ್ಳಿ. ಐಫೋನ್ ಇದ್ದರೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಉಚಿತವಾಗಿ ಕೊಡುವ NIOSH SLM ಒಳ್ಳೆಯದು. ಸೆಟ್ಟಿಂಗ್‌ನಲ್ಲಿ, ಮನುಷ್ಯರ ಕಿವಿಗೆ ಕೇಳುವ ರೀತಿಗೆ ಹೊಂದಿಸಿದ ಡೆಸಿಬಲ್ ಅಳತೆಯಾದ dBA ಆರಿಸಿ.

ಮಗು ಬಳಸುವ ಟ್ಯಾಬ್‌ನಲ್ಲೇ ಗದ್ದಲದ ಹಾಡೊಂದನ್ನು ಪೂರ್ತಿ ವಾಲ್ಯೂಮಿನಲ್ಲಿ ಹಾಕಿ ಒಂದು ನಿಮಿಷದ ಸರಾಸರಿ ನೋಡಿ, ಕ್ಷಣಿಕ ಗರಿಷ್ಠವನ್ನಲ್ಲ. ಅದೇ ಹಾಡನ್ನು ಲ್ಯಾಪ್‌ಟಾಪಿನಿಂದ, ಬಳಿಕ ಬ್ಲೂಟೂತ್ ಬಿಟ್ಟು ತಂತಿಯಿಂದ ಕೇಳಿಸಿ. ಮೊಬೈಲ್ ತೋರಿಸುವ ಅಂಕಿಯಲ್ಲಿ ಕೆಲವು ಡೆಸಿಬಲ್ ಆಚೀಚೆ ಇರುವುದು ಸಹಜ. ಆದರೆ ಮೂಲ ಬದಲಿಸಿದಾಗ ಅಂಕಿ ಐದಾರು ಜಿಗಿದರೆ ಆ ಮಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಒಂದು ವಾರದ ಲೆಕ್ಕ

ಆರು ವರ್ಷದ ಮಗುವೊಂದರ ವಾರವನ್ನು ತೆಗೆದುಕೊಳ್ಳೋಣ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಒಂದು ಗಂಟೆ ಕಥೆ, 75ರಲ್ಲಿ: 5 ಗಂಟೆ. ಶನಿವಾರ ಮತ್ತು ಭಾನುವಾರ ಒಂದೊಂದು ಗಂಟೆ ಕಾರ್ಟೂನ್, 78ರಲ್ಲಿ. ಅಲ್ಲಿ ಪ್ರತಿ ಗಂಟೆಯೂ ಎರಡರ ಸಮ, ಆದ್ದರಿಂದ 4. ಇದರ ಮೇಲೆ ನಾಲ್ಕು ಗಂಟೆಯ ರೈಲು ಪ್ರಯಾಣ. ಗಾಲಿಗಳ ಸದ್ದನ್ನು ಮೀರಿಸಲು ಮಗು ವಾಲ್ಯೂಮ್ ಏರಿಸುತ್ತದೆ, 84 ಮುಟ್ಟುತ್ತದೆ. ಪ್ರತಿ ಗಂಟೆ ಎಂಟರ ಸಮ, ಒಟ್ಟು 32. ಎಲ್ಲ ಕೂಡಿದರೆ 41, ವಾರದ 40 ಗಂಟೆಯ ಪಾಲು ಮುಗಿದು ಒಂದು ಗಂಟೆ ಸಾಲ.

ಕಾರ್ಟೂನಿನ ಮೇಲೆ ಗದರುವ ನಾವು ರೈಲಿನಲ್ಲಿ ಮಗು ತೆಪ್ಪಗಿದೆಯಲ್ಲ ಎಂದು ನಿಟ್ಟುಸಿರು ಬಿಡುತ್ತೇವೆ. ಪಾಲನ್ನು ನುಂಗಿದ್ದು ಆ ನಾಲ್ಕು ಗಂಟೆಯೇ. ಹೊರಗಿನ ಸದ್ದು ಚೆನ್ನಾಗಿ ತಡೆಯುವ ಜೋಡಿಯಿದ್ದು 75ರಲ್ಲೇ ಕೇಳಿದ್ದರೆ ಪ್ರಯಾಣದ ಲೆಕ್ಕ 4, ವಾರದ ಮೊತ್ತ 13.

ಸಾಧನದಲ್ಲಿ ಬೀಗ

ಹೆಡ್‌ಫೋನ್ ತಪ್ಪಿದರೂ ಸಾಧನ ಹಿಡಿಯಲಿ. ಐಫೋನ್‌ನಲ್ಲಿ Settings ಒಳಗೆ Sounds & Haptics, ಅದರೊಳಗೆ Headphone Safety ತೆರೆದು Reduce Loud Audio ಚಾಲೂ ಮಾಡಿದರೆ ಡೆಸಿಬಲ್ ಲೆಕ್ಕದಲ್ಲೇ ಮಿತಿ ಇಡಬಹುದು. ಕೆಳಗಿನ ತುದಿ 75. ಆವೃತ್ತಿಗೆ ತಕ್ಕಂತೆ ಪದಗಳು ತುಸು ಬದಲಾಗಿರಬಹುದು. ಬೇರೆ ಕಂಪನಿಯ ಹೆಡ್‌ಫೋನ್ ಹಾಕಿದಾಗ ಈ ಅಂಕಿ ಅಂದಾಜು ಮಾತ್ರ. ಮಗು ಬದಲಿಸದಂತೆ Screen Time ಪಾಸ್‌ಕೋಡ್‌ನಿಂದ ಆ ಆಯ್ಕೆಗೆ ಬೀಗ ಹಾಕಿ. ಸ್ಯಾಮ್ಸಂಗ್ ಸಾಧನಗಳಲ್ಲಿ ವಾಲ್ಯೂಮ್ ಪುಟದ ಮೂರು ಚುಕ್ಕಿ ಒತ್ತಿದರೆ Media volume limit ಸಿಗುತ್ತದೆ, ಪಿನ್ ಕೂಡ ಇಡಬಹುದು. ಅಲ್ಲಿ ಇರುವುದು ಡೆಸಿಬಲ್ ಅಲ್ಲ, ಜಾರುಪಟ್ಟಿ. ಆದ್ದರಿಂದ ರಟ್ಟಿನ ಪರೀಕ್ಷೆಯಲ್ಲಿ 75 ಬರುವ ಜಾಗ ಹುಡುಕಿ ಅಲ್ಲಿ ನಿಲ್ಲಿಸಿ.

ಸಮಯದ ಮಿತಿಗೆ ಆಂಡ್ರಾಯ್ಡ್‌ನಲ್ಲಿ ಫ್ಯಾಮಿಲಿ ಲಿಂಕ್, ಆ್ಯಪಲ್‌ನಲ್ಲಿ ಸ್ಕ್ರೀನ್ ಟೈಮ್ ಇವೆ. ಹೆಸರೇ ಹೇಳುವಂತೆ ಇವು ಪರದೆಯನ್ನು ಕಾಯುವ ಕಾವಲುಗಾರರು. ಪರದೆ ಆಫ್ ಮಾಡಿ ಕಥೆ ಕೇಳಿದ ಸಮಯ ಲೆಕ್ಕಕ್ಕೆ ಸೇರುತ್ತದೆಂದು ಊಹಿಸಿಕೊಳ್ಳಬೇಡಿ. ಹತ್ತು ನಿಮಿಷ ಹಾಗೆ ಕೇಳಿಸಿ, ವರದಿಯಲ್ಲಿ ಅದು ಮೂಡಿದೆಯೇ ನೋಡಿ. ಮೂಡದಿದ್ದರೆ ಆಟದ ಆ್ಯಪ್‌ಗೆ ಮಿತಿ ಇಟ್ಟು ಹಾಡಿನ ಆ್ಯಪ್ ಬಿಟ್ಟ ಹಾಗಾಯಿತು.

ಮಲಗುವಾಗ ಕಥೆ ಕೇಳುವ ಮಗುವಿಗೆ ಇದಕ್ಕಿಂತ ಸರಳ ಉಪಾಯ ಐಫೋನ್‌ನ ಗಡಿಯಾರದಲ್ಲೇ ಇದೆ. ಟೈಮರ್‌ಗೆ 20 ನಿಮಿಷ ಕೊಟ್ಟು, When Timer Ends ಎಂಬಲ್ಲಿ ಗಂಟೆಯ ಸದ್ದಿನ ಬದಲು ಪಟ್ಟಿಯ ಕೊನೆಯಲ್ಲಿರುವ Stop Playing ಆರಿಸಿದರೆ ಅವಧಿ ಮುಗಿದಾಗ ಸದ್ದು ತಾನೇ ನಿಲ್ಲುತ್ತದೆ. ಹೆಡ್‌ಫೋನ್ ತೆಗೆದ ಮೇಲೂ ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎಂದು ಮಗು ಹೇಳಿದರೆ, ಅಥವಾ ಕರೆದರೆ ಮತ್ತೆ ಮತ್ತೆ ಏನು ಎನ್ನತೊಡಗಿದರೆ, ಸೆಟ್ಟಿಂಗ್ ತಿದ್ದುತ್ತ ಕೂರದೆ ಶ್ರವಣ ತಜ್ಞರಿಂದ ಪರೀಕ್ಷೆ ಮಾಡಿಸಿ.